ಗುಡ್ಡದ ರಸ್ತೆಗೆ ಸೆಂಟರ್‌ಲೈನ್, ಎಲ್-ಸೆಕ್ಷನ್, ಕ್ರಾಸ್ ಸೆಕ್ಷನ್: ಸಿವಿಲ್ 3ಡಿಯಲ್ಲಿ ಮೊದಲಿಂದ ಕೊನೆವರೆಗೆ

"ಸಾರ್, ಎಲ್-ಸೆಕ್ಷನ್ ಚೆನ್ನಾಗಿಯೇ ಬಂದಿದೆ. ಕ್ರಾಸ್ ಸೆಕ್ಷನ್ ತೆಗೆದರೆ ಒಂದು ಕಡೆ ಇಳಿಜಾರಿನ ಗೆರೆಯೇ ಇಲ್ಲ." ಮಲೆನಾಡಿನ ರಸ್ತೆ ಕೆಲಸಕ್ಕೆ ಹೊಸದಾಗಿ ಸೇರಿದವರು ನನ್ನನ್ನು ಜಾಸ್ತಿ ಕೇಳುವುದು ಇದನ್ನೇ. ತಪ್ಪು ಸಾಫ್ಟ್‌ವೇರ್‌ದಲ್ಲ. ಸೆಂಟರ್‌ಲೈನ್ ಎಳೆಯುವಾಗ ಗುಡ್ಡದ ಅಡ್ಡ ಇಳಿಜಾರನ್ನು ನೋಡಿರುವುದಿಲ್ಲ, ಅಷ್ಟೆ. ಬಯಲುಸೀಮೆಯಲ್ಲಿ ಹೀಗೆ ಮಾಡಿದರೂ ನಡೆದುಹೋಗುತ್ತದೆ. ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆ ನಡೆಯುವುದಿಲ್ಲ.

ಅದಕ್ಕೇ ಒಂದೇ ಒಂದು ರಸ್ತೆಯನ್ನು ಹಿಡಿದು ಹೇಳುತ್ತೇನೆ. ಮೂಡಿಗೆರೆ ಕಡೆಯ ಕಾಫಿ ತೋಟಗಳ ನಡುವೆ ಟಾರ್ ರಸ್ತೆಯಿಂದ ಮೇಲಿನ ಊರಿಗೆ ಹತ್ತುವ 640 ಮೀಟರ್ ರಸ್ತೆ ಎಂದುಕೊಳ್ಳಿ. ಕೆಳಗಿನ ಲೆವೆಲ್ 942.60, ಮೇಲಿನದು 973.20. ಅಂದರೆ 30.6 ಮೀಟರ್ ಏರಬೇಕು. ಲೆಕ್ಕ ಸುಲಭವಾಗಲಿ ಎಂದು ಅಂಕಿಗಳನ್ನು ಸ್ವಲ್ಪ ದುಂಡಗೆ ಮಾಡಿದ್ದೇನೆ.

ಮೊದಲು ಕೈಯಲ್ಲಿ ಇರಬೇಕಾದದ್ದು

ಸರ್ವೆ ಪಾಯಿಂಟ್‌ಗಳ ಫೈಲ್ ಬೇಕು. ರಸ್ತೆಯ ಎರಡೂ ಬದಿಗೆ ಕನಿಷ್ಠ 15 ಮೀಟರ್ ದೂರದವರೆಗೆ ಲೆವೆಲ್ ತೆಗೆದಿರಬೇಕು. ಗುಡ್ಡದ ಬದಿಯಲ್ಲಿ ಇನ್ನೂ ಜಾಸ್ತಿ ಇದ್ದರೆ ಒಳ್ಳೆಯದು. ಬರೀ ಹಳೆ ಕಾಲುದಾರಿಯ ಮೇಲೆ ತೆಗೆದ ಲೆವೆಲ್ ಈ ಕೆಲಸಕ್ಕೆ ಆಗುವುದಿಲ್ಲ.

ಆಮೇಲೆ ರಸ್ತೆಯ ಮಾನದಂಡ. ಹಳ್ಳಿ ರಸ್ತೆಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್, ಅಂದರೆ ಐಆರ್‌ಸಿ, ಹೇಳುವಂತೆ ಗುಡ್ಡಗಾಡಿನಲ್ಲಿ ವೇಗ ಗಂಟೆಗೆ 25 ಕಿಮೀ, ಟಾರ್ ಅಗಲ 3.75 ಮೀ, ಶೋಲ್ಡರ್ ಸೇರಿ ಒಟ್ಟು 6 ಮೀ. ಶೋಲ್ಡರ್ ಅಂದರೆ ಟಾರ್‌ನ ಎರಡೂ ಪಕ್ಕದ ಮಣ್ಣಿನ ಪಟ್ಟಿ. ಇಲ್ಲಿ ತಲಾ 1.125 ಮೀ ಬರುತ್ತದೆ. ಚರಂಡಿ ಈ 6 ಮೀಟರ್‌ನ ಹೊರಗೆ. ಸಾಮಾನ್ಯವಾಗಿ ಬಳಸಬೇಕಾದ ಏರು 5%, ಬೇರೆ ದಾರಿ ಇಲ್ಲದ ಕಡೆ 6%.

1. ಡ್ರಾಯಿಂಗ್ ಮತ್ತು ನೆಲದ ಮೇಲ್ಮೈ

ಮೆಟ್ರಿಕ್ ಟೆಂಪ್ಲೇಟ್‌ನಲ್ಲಿ ಹೊಸ ಫೈಲ್ ತೆರೆಯಿರಿ. `Toolspace`ನ `Settings` ಟ್ಯಾಬ್‌ನಲ್ಲಿ ಡ್ರಾಯಿಂಗ್ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ `Edit Drawing Settings`ಗೆ ಹೋಗಿ, `UTM84-43N` ವಲಯ ಆರಿಸಿ. ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆ ಈ 43ನೇ ವಲಯಕ್ಕೇ ಸೇರುತ್ತವೆ.

ಪಾಯಿಂಟ್ ಫೈಲ್ ಒಳಗೆ ತರುವಾಗ `PNEZD` ಅಂದರೆ ನಂಬರ್, ನಾರ್ಥಿಂಗ್, ಈಸ್ಟಿಂಗ್, ಲೆವೆಲ್, ವಿವರ ಎಂಬ ಕ್ರಮ. ಸರ್ವೆಯವರು ಈಸ್ಟಿಂಗ್ ಮೊದಲು ಕೊಟ್ಟಿದ್ದರೆ `PENZD` ಆರಿಸಬೇಕು. ಯಾವುದು ಯಾವುದೆಂದು ಅಂಕಿ ನೋಡಿದರೇ ಗೊತ್ತಾಗುತ್ತದೆ. ನಮ್ಮ ಕಡೆ ನಾರ್ಥಿಂಗ್ 7 ಅಂಕಿ, 13 ಲಕ್ಷಕ್ಕಿಂತ ಮೇಲೆ. ಈಸ್ಟಿಂಗ್ 6 ಅಂಕಿ. ಅದಲು ಬದಲಾದರೆ ಗುಡ್ಡ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿ ಕೂರುತ್ತದೆ. ಎಡ ಬಲ ತಪ್ಪಿದ್ದು ಕೊನೆವರೆಗೂ ಯಾರ ಕಣ್ಣಿಗೂ ಬೀಳುವುದಿಲ್ಲ.

ಇನ್ನು `CreateSurface` ಕೊಟ್ಟು ನೆಲದ ಮೇಲ್ಮೈ ಮಾಡಿ, ಹೆಸರು `EG` ಎಂದಿಡಿ. ಇದು ಪಾಯಿಂಟ್‌ಗಳನ್ನು ತ್ರಿಕೋನಗಳಾಗಿ ಹೊಲಿದ ಬಟ್ಟೆಯಂತೆ. ಧರೆಯ ಮೇಲಂಚು, ಕೆಳಅಂಚು, ಹಳ್ಳದ ದಂಡೆಗಳನ್ನು ಬ್ರೇಕ್‌ಲೈನ್ ಆಗಿ ಸೇರಿಸಿ. ಇಲ್ಲದಿದ್ದರೆ ಒಂದು ತ್ರಿಕೋನ ಧರೆಯ ತಲೆಯಿಂದ ಹಳ್ಳದ ತಳಕ್ಕೆ ನೇರ ಹಾರಿ, ಇರುವ ಧರೆಯೇ ಮಾಯವಾಗುತ್ತದೆ. ಲೆವೆಲ್ ಇಲ್ಲದೆ ಸೊನ್ನೆ ಬಿದ್ದ ಪಾಯಿಂಟ್ ಒಂದೇ ಒಂದು ಇದ್ದರೂ 950 ಮೀಟರ್ ಆಳದ ಬಾವಿ ತೋಡಿದಂತಾಗುತ್ತದೆ. `Surface Properties`ನ `Build` ಭಾಗದಲ್ಲಿ 900ಕ್ಕಿಂತ ಕೆಳಗಿನ ಲೆವೆಲ್ ಬೇಡ ಎಂದು ಹಾಕಿಬಿಡಿ.

ಇನ್ನೊಂದು ಮಾತು. ಚಿಕ್ಕಮಗಳೂರಿನ ಸುತ್ತ ಸಮುದ್ರಮಟ್ಟದಿಂದ 1000 ಮೀಟರ್ ಎತ್ತರದಲ್ಲಿ ಯುಟಿಎಂ ಲೆಕ್ಕದ ದೂರ ನೆಲದ ಮೇಲಿನ ದೂರಕ್ಕಿಂತ ಕಿಲೋಮೀಟರಿಗೆ ಸುಮಾರು 47 ಸೆಂ.ಮೀ. ಕಡಿಮೆ ಬರುತ್ತದೆ. ನಮ್ಮ 640 ಮೀಟರಿಗೆ 30 ಸೆಂ.ಮೀ. ಟೇಪ್ ಹಿಡಿದು ನೋಡಿದವರು "ನಿಮ್ಮ ಡ್ರಾಯಿಂಗ್ ತಪ್ಪು" ಅಂದರೆ ಗಾಬರಿ ಬೇಡ. ಆದರೆ ಅರ್ಧ ಸರ್ವೆ ಡಿಜಿಪಿಎಸ್‌ನಲ್ಲಿ, ಇನ್ನರ್ಧ ಟೋಟಲ್ ಸ್ಟೇಷನ್‌ನಲ್ಲಿ ಆಗಿದ್ದರೆ ಎರಡನ್ನೂ ಸುಮ್ನೆ ಸೇರಿಸಬೇಡಿ.

2. ಸೆಂಟರ್‌ಲೈನ್

ಸಾಫ್ಟ್‌ವೇರ್‌ನಲ್ಲಿ ಇದರ ಹೆಸರು ಅಲೈನ್‌ಮೆಂಟ್. `CreateAlignmentLayout` ಕೊಡಿ, ಬಗೆ `Centerline`, ಶುರುವಿನ ಚೈನೇಜ್ 0+000. ಚೈನೇಜ್ ಅಂದರೆ ರಸ್ತೆಯ ಉದ್ದಕ್ಕೂ ಶುರುವಿನಿಂದ ಅಳೆದ ದೂರ. ಕೆಳಗಿನ ಟಾರ್ ರಸ್ತೆಯಿಂದ ಮೇಲಕ್ಕೆ ಎಳೆಯಿರಿ. ಮೇಲಿಂದ ಕೆಳಕ್ಕೆ ಎಳೆದರೆ ಎಡ ಬಲ ಎರಡೂ ತಿರುಗಿ, ಚರಂಡಿ ಕಣಿವೆಯ ಬದಿಗೆ ಬರುತ್ತದೆ. ದಿಕ್ಕು ತಿರುಗಿಸುವುದಿದ್ದರೆ ಈಗಲೇ ತಿರುಗಿಸಿ. ಎಲ್-ಸೆಕ್ಷನ್ ಆದ ಮೇಲೆ ಕೈ ಹಾಕಿದರೆ ಮಾಡಿದ ಕೆಲಸ ಕೈಬಿಟ್ಟಂತೆ.

ಹೊಸ ಅಲೈನ್‌ಮೆಂಟ್ ವಿಂಡೋದಲ್ಲಿ ವಿನ್ಯಾಸದ ಮಾನದಂಡ ಬಳಸುವ ಗುರುತಿನ ಡಬ್ಬಿ ಇರುತ್ತದೆ. ಜೊತೆಗೆ ಬರುವ ಫೈಲ್ ಅಮೆರಿಕದ ಆಶ್ಟೋ ಕೋಷ್ಟಕದ್ದು. ಅದನ್ನು ಟಿಕ್ ಮಾಡದೆ ರೇಡಿಯಸ್‌ಗಳನ್ನು ಕೈಯಲ್ಲೇ ಲೆಕ್ಕ ಹಾಕುವುದು ನನ್ನ ರೂಢಿ.

ನಮ್ಮ ರಸ್ತೆಯಲ್ಲಿ ಒಂದೇ ದೊಡ್ಡ ತಿರುವು ಇದೆ, 110 ಡಿಗ್ರಿಯದು. ವೇಗ V 25, ರಸ್ತೆಯನ್ನು ತಿರುವಿನ ಒಳಬದಿಗೆ ವಾಲಿಸುವ ಓರೆ e ಗುಡ್ಡದಲ್ಲಿ ಗರಿಷ್ಠ 10%, ಟೈರ್ ಹಿಡಿತ f 0.15 ಎಂದರೆ ಕನಿಷ್ಠ ರೇಡಿಯಸ್ ಹೀಗೆ:

```
R = V² / (127 × (e + f))
R = 625 / (127 × 0.25) = 19.7 m
```

20 ಮೀಟರ್ ಸಾಕು ಅನ್ನಿಸುತ್ತದೆ. ಆದರೂ ಜಾಗ ಇದ್ದುದರಿಂದ 30 ಇಟ್ಟೆ. ಕಾಫಿ ಮೂಟೆ ತುಂಬಿದ ಲಾರಿ ತಿರುಗಬೇಕಲ್ವಾ? ನೇರ ದಾರಿಯಿಂದ ತಿರುವಿಗೆ ನಿಧಾನವಾಗಿ ಬಗ್ಗಿಸುವ ಭಾಗಕ್ಕೆ ಟ್ರಾನ್ಸಿಷನ್ ಎನ್ನುತ್ತಾರೆ, ಸಾಫ್ಟ್‌ವೇರ್‌ನಲ್ಲಿ `Spiral`. ಗುಡ್ಡದಲ್ಲಿ ಅದರ ಕನಿಷ್ಠ ಉದ್ದ ವೇಗದ ವರ್ಗವನ್ನು ರೇಡಿಯಸ್‌ನಿಂದ ಭಾಗಿಸಿದಷ್ಟು, ಅಂದರೆ 20.8 ಮೀ. ನಾನು 22 ಇಟ್ಟೆ. `Curve and Spiral Settings`ನಲ್ಲಿ ಈ ಎರಡು ಅಂಕಿ ತುಂಬಿ, `Tangent-Tangent (With curves)` ಆರಿಸಿ ಗೆರೆ ಎಳೆದರೆ ತಿರುವು ತಾನಾಗಿ ಕೂರುತ್ತದೆ. ನಮ್ಮದು 0+290ರಲ್ಲಿ ಶುರುವಾಗಿ ಸುಮಾರು 0+370ಕ್ಕೆ ಮುಗಿಯಿತು. ಈ ಎರಡು ಚೈನೇಜ್ ಬರೆದಿಟ್ಟುಕೊಳ್ಳಿ, ಮುಂದಿನ ಹಂತಕ್ಕೆ ಬೇಕು.

3. ಎಲ್-ಸೆಕ್ಷನ್

ಎಲ್-ಸೆಕ್ಷನ್ ಅಂದರೆ ಸೆಂಟರ್‌ಲೈನ್ ಉದ್ದಕ್ಕೂ ನೆಲವನ್ನು ಕತ್ತಿಯಿಂದ ಸೀಳಿ ಪಕ್ಕದಿಂದ ನೋಡಿದ ಚಿತ್ರ. ಸಾಫ್ಟ್‌ವೇರ್‌ನಲ್ಲಿ ಪ್ರೊಫೈಲ್.

ಮೊದಲು `CreateProfileFromSurface`. ಅಲೈನ್‌ಮೆಂಟ್ ಆರಿಸಿ, `EG` ಸೇರಿಸಿ. ಇಲ್ಲಿ ಬಹಳ ಜನ ನೇರ ಮುಂದೆ ಹೋಗುತ್ತಾರೆ. ನಿಲ್ಲಿ. ಅದೇ ವಿಂಡೋದಲ್ಲಿ `Sample offsets` ಎಂಬ ಡಬ್ಬಿ ಇದೆ. ಅದನ್ನು ಟಿಕ್ ಮಾಡಿ `-3,3` ಎಂದು ಬರೆಯಿರಿ. ಈಗ ಒಂದರ ಬದಲು ಮೂರು ನೆಲದ ಗೆರೆ ಬರುತ್ತವೆ: ನಡುವಿನದು, ಎಡಕ್ಕೆ 3 ಮೀಟರ್, ಬಲಕ್ಕೆ 3 ಮೀಟರ್. ಮೂರೂ ಒಂದರ ಮೇಲೊಂದು ಬಿದ್ದಿದ್ದರೆ ಅಲ್ಲಿ ನೆಲ ಅಡ್ಡಕ್ಕೆ ಸಮತಟ್ಟು. ದೂರ ದೂರ ಇದ್ದರೆ ಅಲ್ಲಿ ಗುಡ್ಡ ಅಡ್ಡಕ್ಕೆ ಕಡಿದಾಗಿದೆ. ಮೇಲೆ ಹೇಳಿದ ತೊಂದರೆಯ ಮೊದಲ ಸುಳಿವು ಸಿಗುವುದು ಇಲ್ಲೇ.

ಮುಂದೆ `Draw in profile view` ಒತ್ತಿ ಚಿತ್ರ ಇಳಿಸಿ. ಎತ್ತರವನ್ನು ಸಾಮಾನ್ಯವಾಗಿ 10 ಪಟ್ಟು ಹಿಗ್ಗಿಸಿ ತೋರಿಸುತ್ತಾರೆ. 5% ಏರು ಗೋಡೆ ಹತ್ತಿದ ಹಾಗೆ ಕಾಣುತ್ತದೆ. ಕಣ್ಣನ್ನು ನಂಬಬೇಡಿ, ಅಂಕಿ ನೋಡಿ.

ಈಗ ರಸ್ತೆಯ ಗೆರೆ. `CreateProfileLayout` ಕೊಟ್ಟು ಮೌಸ್‌ನಲ್ಲಿ ಗೆರೆ ಎಳೆಯುವ ಬದಲು, `Insert PVIs - Tabular` ಬಳಸಿ ಚೈನೇಜ್ ಮತ್ತು ಲೆವೆಲ್ ಟೈಪ್ ಮಾಡಿ. ಪಿವಿಐ ಅಂದರೆ ಏರು ಬದಲಾಗುವ ಜಾಗ. ಮೌಸ್‌ನಲ್ಲಿ ಎಳೆದರೆ ಶುರು 0+000.03ಕ್ಕೆ ಬೀಳುತ್ತದೆ. ಆಮೇಲೆ ಕಾರಿಡಾರ್, ಅಂದರೆ ರಸ್ತೆಯ 3ಡಿ ಮಾದರಿ, 0+000ಕ್ಕೆ ಯಾಕೆ ಮುಟ್ಟಲಿಲ್ಲ ಎಂದು ಅರ್ಧ ದಿನ ಹುಡುಕಬೇಕಾಗುತ್ತದೆ.

ಲೆವೆಲ್‌ಗಳನ್ನು ಹೇಗೆ ಕೂಡಿಸಿದೆ ಎಂದು ನೋಡಿ. ಟಾರ್ ರಸ್ತೆ ಸೇರುವ ಮೊದಲ 20 ಮೀಟರ್‌ಗೆ 2% ಮಾತ್ರ, ಇಳಿದು ಬಂದ ಗಾಡಿ ನಿಲ್ಲಲು ಜಾಗ ಬೇಕು. ಆಮೇಲೆ 5%. ಆದರೆ ತಿರುವಿನಲ್ಲಿ 5% ಇಡುವಂತಿಲ್ಲ. ತಿರುವಿನಲ್ಲಿ ಎಳೆತ ಜಾಸ್ತಿ ಬೇಕಾಗುವುದರಿಂದ ಏರು ಕಡಿಮೆ ಮಾಡಬೇಕು, ಇದಕ್ಕೆ ಗ್ರೇಡ್ ಕಾಂಪೆನ್ಸೇಷನ್ ಎನ್ನುತ್ತಾರೆ:

```
(30 + R) / R = 60 / 30 = 2 %
75 / R = 75 / 30 = 2.5 %
```

ಎರಡರಲ್ಲಿ ಚಿಕ್ಕದು 2%. 5ರಲ್ಲಿ 2 ಕಳೆದರೆ 3 ಬರುತ್ತದೆ. ಆದರೆ 4%ಗಿಂತ ಕೆಳಗೆ ಇಳಿಸುವ ಅಗತ್ಯವಿಲ್ಲ ಎಂದು ಐಆರ್‌ಸಿಯೇ ಹೇಳುತ್ತದೆ. ಹಾಗಾಗಿ 0+290ರಿಂದ 0+370ರವರೆಗೆ 4%. ಟೈಪ್ ಮಾಡಬೇಕಾದದ್ದು ಇಷ್ಟು:

```
0+000   942.60
0+020   943.00
0+290   956.50
0+370   959.70
0+640   973.20
```

ಸಾಫ್ಟ್‌ವೇರ್ ಈ ಕಾಂಪೆನ್ಸೇಷನ್ ಅನ್ನು ತಾನಾಗಿ ಮಾಡುವುದಿಲ್ಲ. ಎಲ್-ಸೆಕ್ಷನ್‌ನಲ್ಲಿ ತಿರುವು ಕಾಣುವುದೇ ಇಲ್ಲವಲ್ಲ, ಅದಕ್ಕೇ ಎಲ್ಲರೂ ಮರೆಯುತ್ತಾರೆ. ಆ ಎರಡು ಚೈನೇಜ್ ಬರೆದಿಟ್ಟುಕೊಳ್ಳಿ ಎಂದದ್ದು ಇದಕ್ಕೇ.

ಲಂಬ ಕರ್ವ್ ಎಲ್ಲಿ ಬೇಕು? ಈ ವೇಗಕ್ಕೆ ಏರಿನ ವ್ಯತ್ಯಾಸ 1.5%ವರೆಗೆ ಇದ್ದರೆ ಬೇಡ. 0+290, 0+370ರಲ್ಲಿ ವ್ಯತ್ಯಾಸ ಬರೀ 1%. 0+020ರಲ್ಲಿ ಮಾತ್ರ 3% ಇದೆ. ಕನಿಷ್ಠ 15 ಮೀ ಸಾಕು, 30 ಕೊಟ್ಟೆ. ನಡುವೆ ಗೆರೆ 11 ಸೆಂ.ಮೀ. ಮೇಲೇಳುತ್ತದೆ, ಅಂದರೆ 0+020ರಲ್ಲಿ ಲೆವೆಲ್ 943.11. ಸೈಟಿಗೆ ಹೋಗಬೇಕಾದ್ದು ಈ ಅಂಕಿ, 943.00 ಅಲ್ಲ.

4. ಅಸೆಂಬ್ಲಿ, ಅಂದರೆ ರಸ್ತೆಯ ಅಡ್ಡ ಅಚ್ಚು

ಚಕ್ಕುಲಿ ಒರಳಿನ ಬಿಲ್ಲೆ ಇದ್ದ ಹಾಗೆ. ಯಾವ ಬಿಲ್ಲೆ ಹಾಕುತ್ತೀರೋ ಉದ್ದಕ್ಕೂ ಅದೇ ಆಕಾರ ಬರುತ್ತದೆ. `CreateAssembly` ಕೊಟ್ಟು ಕಂಬ ನಿಲ್ಲಿಸಿ, `Ctrl+3` ಒತ್ತಿ ಬಂದ ಪೆಟ್ಟಿಗೆಯಿಂದ ಭಾಗಗಳನ್ನು ಒಂದೊಂದೇ ಅಂಟಿಸಿ.

ಟಾರ್‌ಗೆ `LaneSuperelevationAOR` ಬಳಸಿ, ತಲಾ 1.875 ಮೀ. ಸುಲಭ ಎಂದು `BasicLane` ಹಾಕಬೇಡಿ. ಅದಕ್ಕೆ ತಿರುವಿನ ಓರೆ ಗೊತ್ತಾಗುವುದಿಲ್ಲ, ತಿರುವಿನಲ್ಲೂ ಕ್ಯಾಂಬರ್ ಇಟ್ಟುಕೊಂಡೇ ಹೋಗುತ್ತದೆ. ಕ್ಯಾಂಬರ್ ಅಂದರೆ ನೀರು ಹರಿಯಲು ನಡುವಿಂದ ಅಂಚಿಗೆ ಕೊಡುವ ಇಳಿಜಾರು. ತಾನಾಗಿ ಬರುವ 2% ನಮ್ಮ ಮಳೆಗೆ ಸಾಲದು. ತೆಳು ಡಾಂಬರಿನ ಹಳ್ಳಿ ರಸ್ತೆಗೆ ಜಾಸ್ತಿ ಮಳೆಯ ಕಡೆ 3.5% ಇಡಬೇಕು. ಶೋಲ್ಡರ್‌ಗೆ `BasicShoulder`, ನಾನು 4.5% ಇಟ್ಟೆ.

ತಿರುವಿನ ಓರೆ 625ನ್ನು 225×30ರಿಂದ ಭಾಗಿಸಿದರೆ 9.3%. ಅಲೈನ್‌ಮೆಂಟ್‌ನ `Superelevation` ಕೋಷ್ಟಕದಲ್ಲಿ ಇದನ್ನು ಕೈಯಲ್ಲೇ ತುಂಬಿ. ತಿರುವಿನಲ್ಲಿ 0.6 ಮೀ ಅಗಲವೂ ಹೆಚ್ಚು ಬೇಕು, ಗುಡ್ಡದ ರಸ್ತೆಯಲ್ಲಿ ಅದನ್ನು ತಿರುವಿನ ಒಳಬದಿಗೆ ಕೊಡುತ್ತಾರೆ.

ಕೊನೆಗೆ ಇಳಿಜಾರು. `BasicSideSlopeCutDitch` ಕಟಿಂಗ್ ಇದ್ದರೆ ಚರಂಡಿ ತೋಡಿ ಧರೆ ಕಡಿಯುತ್ತದೆ, ಫಿಲ್ಲಿಂಗ್ ಇದ್ದರೆ ಮಣ್ಣು ಇಳಿಸುತ್ತದೆ. ಕಟಿಂಗ್‌ಗೆ 1:1, ಫಿಲ್ಲಿಂಗ್‌ಗೆ 2:1 ಕೊಟ್ಟೆ. ಎಚ್ಚರ, ಸಾಫ್ಟ್‌ವೇರ್‌ನಲ್ಲಿ 2:1 ಅಂದರೆ 2 ಅಡ್ಡಕ್ಕೆ, 1 ಕೆಳಕ್ಕೆ. ನಮ್ಮಲ್ಲಿ ಬಾಯಿಮಾತಿಗೆ "ಒಂದಕ್ಕೆ ಎರಡು" ಎಂದು ತಿರುಗಿಸಿ ಹೇಳುತ್ತೇವೆ. 1:2 ಎಂದು ಟೈಪ್ ಮಾಡಿದರೆ ಸಡಿಲ ಮಣ್ಣು ಗೋಡೆಯ ಹಾಗೆ ನಿಲ್ಲುತ್ತದೆ, ಡ್ರಾಯಿಂಗ್‌ನಲ್ಲಿ ಮಾತ್ರ.

5. ಕಾರಿಡಾರ್, ಸ್ಯಾಂಪಲ್ ಲೈನ್

`CreateCorridor`ನಲ್ಲಿ ಅಲೈನ್‌ಮೆಂಟ್, ರಸ್ತೆಯ ಪ್ರೊಫೈಲ್, ಅಸೆಂಬ್ಲಿ ಮೂರೂ ಸೇರುತ್ತವೆ. ಟಾರ್ಗೆಟ್‌ನಲ್ಲಿ `EG` ಕೊಡಲು ಮರೆತರೆ ಇಳಿಜಾರಿಗೆ ನೆಲ ಎಲ್ಲಿದೆ ಎಂದೇ ಗೊತ್ತಾಗುವುದಿಲ್ಲ. ಅಚ್ಚು ಒತ್ತುವ ಅಂತರ ತಾನಾಗಿ 25 ಮೀ ಇರುತ್ತದೆ. 80 ಮೀಟರ್‌ನ ತಿರುವಿಗೆ ಅದು ಮೂರೇ ಸಲ ಒತ್ತಿದಂತೆ. ನೇರ ಭಾಗಕ್ಕೆ 10, ತಿರುವಿಗೆ 5 ಮಾಡಿ.

ಕ್ರಾಸ್ ಸೆಕ್ಷನ್ ಅಂದರೆ ರಸ್ತೆಯನ್ನು ಅಡ್ಡಕ್ಕೆ ಸೀಳಿ ನೋಡಿದ ಚಿತ್ರ, ಎಲ್ಲಿ ಸೀಳಬೇಕೆಂದು ಹೇಳುವುದು ಸ್ಯಾಂಪಲ್ ಲೈನ್. ಅದಕ್ಕೆ `CreateSampleLines`, 10 ಮೀಟರ್‌ಗೊಂದು, ಎರಡೂ ಬದಿಗೆ 15 ಮೀ. ಅಗಲ ಕಡಿಮೆ ಕೊಟ್ಟರೆ ಧರೆಯ ತಲೆ ಚಿತ್ರದಿಂದ ಹೊರಗೆ ಕತ್ತರಿಸಿ ಹೋಗುತ್ತದೆ, ಮಣ್ಣಿನ ಲೆಕ್ಕವೂ ಕಡಿಮೆ ಬರುತ್ತದೆ.

6. ಈಗ 0+460 ನೋಡೋಣ

ರಸ್ತೆಯ ಲೆವೆಲ್ 964.20. ಸೆಂಟರ್‌ಲೈನ್ ಮೇಲೆ ನೆಲದ ಲೆವೆಲ್ಲೂ 964.20. ಎಲ್-ಸೆಕ್ಷನ್‌ನಲ್ಲಿ ಎರಡು ಗೆರೆ ಮುಟ್ಟಿಕೊಂಡಿವೆ, ಕಟಿಂಗ್ ಸೊನ್ನೆ, ಫಿಲ್ಲಿಂಗ್ ಸೊನ್ನೆ. ಇದಕ್ಕಿಂತ ಚೆಂದ ಬೇಕೇ? ಆದರೆ ಆ `-3,3` ಗೆರೆ ನೋಡಿ. ಎಡಕ್ಕೆ 965.70, ಬಲಕ್ಕೆ 962.70. ಅಂದರೆ ಗುಡ್ಡ ಅಡ್ಡಕ್ಕೆ 2 ಮೀಟರಿಗೆ 1 ಮೀಟರ್ ಇಳಿಯುತ್ತಿದೆ.

ಕ್ಯಾಂಬರ್ ಮರೆತು ಲೆಕ್ಕ ಹಾಕಿ. ಬಲ ಅಂಚು ನೆಲದಿಂದ 1.5 ಮೀ ಮೇಲಿದೆ. ಅಲ್ಲಿಂದ 2:1ರಲ್ಲಿ ಮಣ್ಣು ಇಳಿಸಿದರೆ? ನೆಲವೂ 2:1ರಲ್ಲೇ ಇಳಿಯುತ್ತಿದೆ. ರೈಲು ಹಳಿಯಂತೆ ಎರಡೂ ಜೊತೆಗೆ ಹೋಗುತ್ತವೆ, ಎಲ್ಲೂ ಸೇರುವುದಿಲ್ಲ. ಆ ಕಾಣದ ಗೆರೆಯ ಗುಟ್ಟು ಇದು.

ಕೆಲವರು ಫಿಲ್ಲಿಂಗ್ ಇಳಿಜಾರನ್ನು 1.5:1 ಮಾಡಿ ಗೆರೆ ಬಂತು ಎಂದು ಖುಷಿಪಡುತ್ತಾರೆ. ಬರುತ್ತದೆ, ನಿಜ. ಆದರೆ ಶೋಲ್ಡರ್ ಅಂಚಿನಿಂದ 9 ಮೀಟರ್ ಆಚೆ, 6 ಮೀಟರ್ ಕೆಳಗೆ. ಗುಡ್ಡದ ಮೈಗೆ ರೊಟ್ಟಿ ತಟ್ಟಿದಂತೆ ಅಂಟಿದ ತೆಳು ಮಣ್ಣು. ಆಷಾಢದ ಮಳೆಗೆ ಅದು ಕೆಳಗಿನ ತೋಟದಲ್ಲಿರುತ್ತದೆ.

ಇನ್ನೊಂದು ದಾರಿ ಸೆಂಟರ್‌ಲೈನನ್ನು 3 ಮೀಟರ್ ಗುಡ್ಡದೊಳಕ್ಕೆ ಸರಿಸಿ ಪೂರಾ ಕಟಿಂಗ್ ಮಾಡುವುದು. ಬಲ ಅಂಚು ನೆಲ ಮುಟ್ಟುತ್ತದೆ. ಎಡಕ್ಕೆ 3 ಮೀ ಮತ್ತು 0.6 ಮೀ ಚರಂಡಿ ಸೇರಿ 3.6 ಮೀಟರ್‌ನಲ್ಲಿ ನೆಲ ರಸ್ತೆಗಿಂತ 3.3 ಮೀ ಮೇಲೆ. 1:1 ಧರೆ ಏರುತ್ತಾ ಹೋದಂತೆ ನೆಲವೂ ಏರುತ್ತದೆ. ಹಾಗಾಗಿ ಧರೆ 6.6 ಮೀಟರ್ ಎತ್ತರಕ್ಕೆ ಹೋಗಿ ಮುಟ್ಟುತ್ತದೆ. ಅದರ ತಲೆ ಹೊಸ ಸೆಂಟರ್‌ಲೈನಿಂದ 10.2 ಮೀ ದೂರ. ಅಷ್ಟು ಜಾಗದಲ್ಲಿ ಯಾರದೋ ಕಾಫಿ ಗಿಡ, ಮೆಣಸು ಹಬ್ಬಿದ ಸಿಲ್ವರ್ ಓಕ್ ಇರುತ್ತದೆ.

ನಾನು ನಡುವಿನದನ್ನು ಆರಿಸಿದೆ. 1.5 ಮೀಟರ್ ಒಳಕ್ಕೆ ಸರಿಸಿದರೆ ನಡುವೆ 0.75 ಮೀ ಕಟಿಂಗ್, ಧರೆ 5.1 ಮೀ, ಬಲ ಅಂಚಿನಲ್ಲಿ ಉಳಿಯುವುದು 0.75 ಮೀ ಮಾತ್ರ. ಅದಕ್ಕೆ ಬುಡದಲ್ಲಿ ಕಲ್ಲಿನ ಚಿಕ್ಕ ತಡೆಗೋಡೆ ಸಾಕು. 5.1 ಮೀಟರ್ ಧರೆಯೂ ಚಿಕ್ಕದೇನಲ್ಲ. ಮಣ್ಣು ಸಡಿಲ ಇದ್ದರೆ ನಾನಾದರೂ ಸರಿಸದೆ ಬಿಟ್ಟು, ಕೆಳಬದಿಗೆ ದೊಡ್ಡ ಗೋಡೆ ಹಾಕುತ್ತೇನೆ. ಆಗ ಧರೆ 3.6 ಮೀಟರ್‌ಗೆ ಇಳಿಯುತ್ತದೆ.

7. ಹಿಂದಕ್ಕೆ ಹೋಗಿ ಸರಿಪಡಿಸುವುದು

ಅಲೈನ್‌ಮೆಂಟ್‌ನಲ್ಲಿ 0+460ರ ಬಳಿ ಹೊಸ ಪಿಐ, ಅಂದರೆ ಗೆರೆ ತಿರುಗುವ ಬಿಂದು, ಸೇರಿಸಿ 1.5 ಮೀ ಒಳಕ್ಕೆ ಇಡಿ. ತಿರುವು ಸುಮಾರು 1 ಡಿಗ್ರಿಯಷ್ಟೇ ಆಗುತ್ತದೆ. 1000 ಮೀ ರೇಡಿಯಸ್ ಕೊಟ್ಟರೆ ಕಣ್ಣಿಗೂ ಕಾಣುವುದಿಲ್ಲ. ನೆಲದ ಗೆರೆ, ಕಾರಿಡಾರ್, ಕ್ರಾಸ್ ಸೆಕ್ಷನ್ ತಾವಾಗಿ ಬದಲಾಗುತ್ತವೆ. ಕಾರಿಡಾರ್‌ಗೆ ಮಾತ್ರ `Rebuild` ಒತ್ತಬೇಕಾಗಬಹುದು.

ಬದಲಾಗದೆ ಉಳಿಯುವುದು ನೀವು ಟೈಪ್ ಮಾಡಿದ ಪಿವಿಐ. ಹಿಂದಿನ 110 ಡಿಗ್ರಿ ತಿರುವು ಕೂದಲೆಳೆಯಷ್ಟು ಅಲ್ಲಾಡಿ, ಕೊನೆಯ ಚೈನೇಜ್ ಅರ್ಧ ಮೀಟರ್‌ಗಿಂತ ಸ್ವಲ್ಪ ಜಾಸ್ತಿ ಆಚೀಚೆ ಆಗುತ್ತದೆ. ರಸ್ತೆಯ ಪ್ರೊಫೈಲ್ 0+640ಕ್ಕೇ ನಿಂತಿರುತ್ತದೆ. ಕೊನೆಯ ಪಿವಿಐಯನ್ನು ಹೊಸ ಚೈನೇಜ್‌ಗೆ ಸರಿಸಿ, ಲೆವೆಲ್ 973.20 ಹಾಗೇ ಇರಲಿ. 4% ಭಾಗ ಇನ್ನೂ ತಿರುವನ್ನು ಪೂರಾ ಮುಚ್ಚಿದೆಯಾ ಎಂದೂ ನೋಡಿ.

ಇಷ್ಟಾದ ಮೇಲೆ 0+430ರಿಂದ 0+490ರವರೆಗಿನ ಏಳು ಕ್ರಾಸ್ ಸೆಕ್ಷನ್‌ಗಳನ್ನು ಒಂದೊಂದೇ ತೆರೆಯಿರಿ. ಬಲಬದಿಯ ಗೆರೆ ಎಲ್ಲೆಲ್ಲಿ ನೆಲ ಮುಟ್ಟುವುದಿಲ್ಲವೋ ಆ ಚೈನೇಜ್‌ಗಳಷ್ಟೇ ಕಲ್ಲಿನ ಗೋಡೆಯ ಉದ್ದ. ನಮ್ಮ ರಸ್ತೆಯಲ್ಲಿ ಅದು 0+440ರಿಂದ 0+480, ಒಟ್ಟು 40 ಮೀಟರ್ ಬಂತು. ಅಷ್ಟಕ್ಕೆ ಮಾತ್ರ ಬೇರೆ ಅಸೆಂಬ್ಲಿ ಮಾಡಿ, ಬಲಬದಿಯ ಇಳಿಜಾರು ತೆಗೆದು ಗೋಡೆ ಅಂಟಿಸಿ, ಕಾರಿಡಾರ್‌ನಲ್ಲಿ `Split Region` ಬಳಸಿ ಆ ಭಾಗಕ್ಕೆ ಕೊಟ್ಟೆ.